ಕಪ್ಪಿಗೆ ಹಿಡಿಕೆ ಬಂದಿದ್ದು ಯಾವಾಗ: ಆಪಲ್, ಅಕ್ಟೋಬರ್ 2003ರಿಂದ ಮಾರ್ಚ್ 2004

ಏರಿದ ಷೇರು ಚಾರ್ಟ್ ಮೇಲೆ ಕಪ್ಪಿನ ಹಾಗೆ ದುಂಡಗೆ ಇಳಿದು ಎದ್ದು, ಪಕ್ಕದಲ್ಲಿ ಹಿಡಿಕೆ ಹಾಗೆ ಮತ್ತೆ ಸ್ವಲ್ಪ ಇಳಿದು, ಆಮೇಲೆ ಮೇಲಕ್ಕೆ ಹೋಗೋ ಪ್ಯಾಟರ್ನ್ ಒಂದಿದೆ, ಅದನ್ನ ಆಪಲ್ ಷೇರಿನಲ್ಲಿ ಅಳೆಯೋಣ. ಮೊದ್ಲು ಒಂದು ಕೆಲ್ಸ ಮಾಡಿ. ಚಾರ್ಟ್ ಆ್ಯಪ್ ಯಾವ್ದಾದ್ರೂ ಆಗ್ಲಿ, ಆಪಲ್ ಷೇರಿನ ಗುರುತು AAPL ಅಂತ ಹೊಡೆದು, ವೀಕ್ಲಿಗೆ ಇಟ್ಟು, 2003ರ ಕೊನೆಗೆ ಹೋಗಿ. ಬೆಲೆ ಏನು ಕಾಣತ್ತೆ? ಒಂದು ಡಾಲರ್ ಕೂಡ ಇಲ್ಲ, 35 ಸೆಂಟು 40 ಸೆಂಟು ಅಂತ ಕಾಣತ್ತೆ. ಗಾಬರಿ ಬೇಡ, ಅದು ಸ್ಪ್ಲಿಟ್ ಹೊಂದಿಸಿದ ಬೆಲೆ, ಅಂದ್ರೆ ಒಂದು ಷೇರನ್ನ ಆಮೇಲೆ ಹಲವಾಗಿ ಒಡೆದಿದ್ದನ್ನ ಲೆಕ್ಕಕ್ಕೆ ತಗೊಂಡ ಬೆಲೆ. 2005ರಲ್ಲಿ ಒಂದಕ್ಕೆ ಎರಡು, 2014ರಲ್ಲಿ ಒಂದಕ್ಕೆ ಏಳು, 2020ರಲ್ಲಿ ಒಂದಕ್ಕೆ ನಾಲ್ಕು, ಎಲ್ಲಾ ಗುಣಿಸಿದ್ರೆ ಅವತ್ತಿನ ಒಂದು ಷೇರು ಇವತ್ತಿನ 56 ಷೇರು. ಹಾಗಾಗಿ ನಿಮ್ಮ ಸ್ಕ್ರೀನ್ ಮೇಲಿನ ಬೆಲೆಯನ್ನ 56ರಿಂದ ಗುಣಿಸಿದ್ರೆ ಅವತ್ತು ಜನ ನಿಜವಾಗಿ ಕೊಟ್ಟ ಬೆಲೆ ಸಿಗತ್ತೆ. ನಾನು ಕೆಳಗೆ ಪೂರ್ತಿ ಅವತ್ತಿನ ಬೆಲೇನೇ ಬಳಸ್ತೀನಿ, ಯಾಕಂದ್ರೆ 24.80 ಡಾಲರಿಗೆ ತಗೊಂಡು ಸಿಕ್ಕಾಕೊಂಡವನ ಸಂಕಟ 0.44 ಅಂತ ಬರೆದ್ರೆ ಅರ್ಥ ಆಗಲ್ಲ.

ಈ ಪ್ಯಾಟರ್ನಿಗೆ ಕಪ್ ವಿತ್ ಹ್ಯಾಂಡಲ್ ಅಂತ ಹೆಸರು ಕೊಟ್ಟು, ಇಷ್ಟೇ ಆಳ ಇರ್ಬೇಕು, ಇಷ್ಟು ವಾರ ಆಗಿರ್ಬೇಕು ಅಂತ ಅಳತೆ ಹಾಕಿ ಜನಕ್ಕೆ ಮುಟ್ಸಿದ್ದು ಅಮೆರಿಕದ ಷೇರು ಹೂಡಿಕೆದಾರ ವಿಲಿಯಂ ಓನೀಲ್. ನಮ್ಮಲ್ಲಿ ಯೂಟ್ಯೂಬ್‌ನಲ್ಲಿ ಇದನ್ನ ಹೇಳಿಕೊಡೋರು ಚಾರ್ಟ್ ಮೇಲೆ ಒಂದು U ಬರೆದು, ಪಕ್ಕಕ್ಕೆ ಸಣ್ಣ ಬಾಲ ಎಳೆದು, ಮೇಲಕ್ಕೊಂದು ಹಸಿರು ಬಾಣ ಹಾಕಿ ಮುಗಿಸ್ತಾರೆ. ಆಕಾರ ನೋಡೋದು ಸುಲಭ ಸ್ವಾಮಿ, ಯಾವ ಚಾರ್ಟ್‌ನಲ್ಲಿ ಬೇಕಾದ್ರೂ ಕಪ್ ಕಾಣತ್ತೆ, ಮೋಡದಲ್ಲಿ ಆನೆ ಕಂಡ ಹಾಗೆ. ಅಳತೆ ಹಿಡಿದಾಗ್ಲೇ ಮುಕ್ಕಾಲುವಾಸಿ ಕಪ್ಪುಗಳು ಬಿದ್ದು ಹೋಗೋದು. ಅದಕ್ಕೇ ಈ ಒಂದು ಕೇಸನ್ನ ಹಿಡ್ಕೊಂಡು ಟೇಪ್ ಇಟ್ಟು ಅಳೆಯೋಣ ಅಂತ.

ಕಪ್ಪಿಗೂ ಮುಂಚೆ

2003ರ ಏಪ್ರಿಲ್‌ನಲ್ಲಿ ಆಪಲ್ ಷೇರು 13 ಡಾಲರ್ ಹತ್ರ ಬಿದ್ದಿತ್ತು. ಕಂಪ್ಯೂಟರ್ ಮಾರೋ ಸಣ್ಣ ಕಂಪನಿ ಅಂತ್ಲೇ ಎಲ್ರೂ ನೋಡ್ತಿದ್ದ ಕಾಲ. ಆ ತಿಂಗಳ ಕೊನೆಗೆ ಐಟ್ಯೂನ್ಸ್ ಮ್ಯೂಸಿಕ್ ಸ್ಟೋರ್ ಬಂತು, ಅಕ್ಟೋಬರ್ ಮಧ್ಯಕ್ಕೆ ಅದೇ ಐಟ್ಯೂನ್ಸ್ ವಿಂಡೋಸ್‌ಗೂ ಬಂತು, ಅಷ್ಟೊತ್ತಿಗೆ ಷೇರು 25 ಡಾಲರ್ ಮುಟ್ಟಿತ್ತು. ಆರು ತಿಂಗಳಲ್ಲಿ ಹತ್ರಹತ್ರ 90 ಪರ್ಸೆಂಟ್ ಏರಿಕೆ.

ಇದು ಮೊದಲನೇ ಶರತ್ತು, ಜನ ಮರೆಯೋದೂ ಇದನ್ನೇ. ಕಪ್ ಅನ್ನೋದು ಏರಿದ ಷೇರು ದಣಿವಾರಿಸಿಕೊಳ್ಳೋ ಜಾಗ. ಹಾಗಾಗಿ ಅದಕ್ಕೂ ಮುಂಚೆ ಕನಿಷ್ಠ 30 ಪರ್ಸೆಂಟ್ ಏರಿಕೆ ಆಗಿರ್ಲೇಬೇಕು. ಎರಡು ವರ್ಷದಿಂದ ಬೀಳ್ತಾನೇ ಇರೋ ಷೇರು ತಳದಲ್ಲಿ ದುಂಡಗೆ ತಿರುಗಿದ್ರೆ ನೋಡೋಕೆ ಕಪ್ ತರಾನೇ ಇರತ್ತೆ, ಆದ್ರೆ ಮೇಲೆ ಪ್ರತಿ ಹತ್ತು ರೂಪಾಯಿಗೂ ಒಂದೊಂದು ಗುಂಪು ನಷ್ಟದಲ್ಲಿ ಕೂತು ಕಾಯ್ತಿರತ್ತೆ, ಬೆಲೆ ಅವರ ಹತ್ರ ಬಂದ ತಕ್ಷಣ ಮಾರಿ ಬಿಟ್ಟು ಹೋಗೋಕೆ. ಅದು ಕಪ್ ಅಲ್ಲ, ಬಾವಿ.

ಆಳ: 20 ಪರ್ಸೆಂಟ್

ಅಕ್ಟೋಬರ್ 15ರ ಹೊತ್ತಿಗೆ 24.80 ಹತ್ರ ಮುಚ್ಚಿದ್ದು ಕಪ್ಪಿನ ಎಡಗಡೆ ಅಂಚು. ಅಲ್ಲಿಂದ ನಿಧಾನಕ್ಕೆ ಇಳೀತು, ಅಕ್ಟೋಬರ್ ಮುಗಿಯೋ ಹೊತ್ತಿಗೆ 23ರ ಒಳಗೆ, ನವೆಂಬರ್ ಕೊನೆಗೆ 21ರ ಒಳಗೆ, ಡಿಸೆಂಬರ್ ಮಧ್ಯದಲ್ಲಿ 20ರ ಸ್ವಲ್ಪ ಕೆಳಗೆ ತಳ ಮುಟ್ತು. ಕ್ಲೋಸಿಂಗ್ ಬೆಲೆ ಲೆಕ್ಕದಲ್ಲಿ 24.80ರಿಂದ 19.70, ಅಂದ್ರೆ 20 ಪರ್ಸೆಂಟ್ ಚಿಲ್ಲರೆ ಆಳ. ದಿನದೊಳಗಿನ ಅತಿ ಹೆಚ್ಚು ಅತಿ ಕಮ್ಮಿ ಹಿಡಿದ್ರೆ ಇನ್ನೊಂದೆರಡು ಮೂರು ಪರ್ಸೆಂಟ್ ಜಾಸ್ತಿ ಬರತ್ತೆ. ಯಾವ್ದಾದ್ರೂ ಒಂದು ಹಿಡೀರಿ, ಆದ್ರೆ ಎಡಕ್ಕೆ ಇಂಟ್ರಾಡೇ ಹೈ, ತಳಕ್ಕೆ ಕ್ಲೋಸಿಂಗ್ ಅಂತ ಬೆರಕೆ ಮಾಡ್ಬೇಡಿ.

ನಿಯಮ ಏನು ಹೇಳತ್ತೆ ಅಂದ್ರೆ 12ರಿಂದ 33 ಪರ್ಸೆಂಟ್ ಒಳಗೆ ಆಳ ಇರ್ಬೇಕು. ಮಾರ್ಕೆಟ್ಟೇ ಪೂರ್ತಿ ಕುಸಿದಿದ್ದಾಗ 40, ಅಪರೂಪಕ್ಕೆ 50ರ ತನಕ ಒಪ್ಕೋಬಹುದು, ಯಾಕಂದ್ರೆ ಗ್ರೋತ್ ಷೇರುಗಳು ಇಂಡೆಕ್ಸ್‌ಗಿಂತ ಒಂದೂವರೆ ಎರಡು ಪಟ್ಟು ಬೀಳೋದು ಮಾಮೂಲಿ. ಈ ಸಂಖ್ಯೆಗಳು ಆಕಾಶದಿಂದ ಉದುರಿದ್ದಲ್ಲ. 20 ಪರ್ಸೆಂಟ್ ಬಿದ್ದ ಷೇರು ಹಳೇ ಜಾಗಕ್ಕೆ ಬರೋಕೆ 25 ಪರ್ಸೆಂಟ್ ಏರಿದ್ರೆ ಸಾಕು. 33 ಬಿದ್ರೆ 50 ಏರ್ಬೇಕು. 50 ಬಿದ್ರೆ 100 ಏರ್ಬೇಕು. ತಳದಿಂದ ದುಪ್ಪಟ್ಟು ಆಗಿ ಹಳೇ ಅಂಚಿಗೆ ಬಂದ ಷೇರಿನಲ್ಲಿ, ತಳದಲ್ಲಿ ತಗೊಂಡವರು ನೂರಕ್ಕೆ ನೂರು ಲಾಭದಲ್ಲಿ ಕೂತಿರ್ತಾರೆ, ಮೇಲೆ ತಗೊಂಡು ಸಿಕ್ಕಾಕೊಂಡವರು ಅಸಲಿಗೆ ಅಸಲು ಸಿಕ್ತು ಅಂತ ಕೂತಿರ್ತಾರೆ, ಇಬ್ರಿಗೂ ಒಂದೇ ಬೆಲೆಯಲ್ಲಿ ಮಾರೋ ಮನಸ್ಸು. ಆಳ ಜಾಸ್ತಿ ಆದಷ್ಟೂ ಬಲಗಡೆ ಅಂಚಿನಲ್ಲಿ ಮಾರೋರ ಸಾಲು ಉದ್ದ ಆಗತ್ತೆ. ಅಷ್ಟೇ ಇದರ ಗುಟ್ಟು.

ತಳ ಹೇಗಿದೆ ಅನ್ನೋದೂ ನೋಡ್ಬೇಕು. ಇಲ್ಲಿ ನವೆಂಬರ್ ಕೊನೆಯಿಂದ ವರ್ಷದ ಕೊನೆ ತನಕ ಷೇರು 20-21ರಲ್ಲೇ ಓಡಾಡ್ಕೊಂಡಿತ್ತು, ಡಿಸೆಂಬರ್ 31ಕ್ಕೆ 21.37. ಆ ಬೇಜಾರಿನ ತಿಂಗಳೇ ಮುಖ್ಯ. ಒಂದು ವಾರ ಧಡಕ್ಕಂತ ಬಿದ್ದು ಮುಂದಿನ ವಾರ ಧಡಕ್ಕಂತ ಎದ್ದು ಬಂದ V ಆಕಾರದಲ್ಲಿ ಬೇಸತ್ತವರು ಹೊರಗೆ ಹೋಗೋಕೆ ಟೈಮೇ ಸಿಕ್ಕಿರಲ್ಲ, ಅವರೆಲ್ಲಾ ಒಳಗೇ ಇರ್ತಾರೆ, ಆಮೇಲೆ ತೊಂದ್ರೆ ಕೊಡ್ತಾರೆ.

ಎಷ್ಟು ವಾರ

ಅವಧಿ ಲೆಕ್ಕ ಹಾಕೋದ್ರಲ್ಲಿ ಜಗಳ ಜಾಸ್ತಿ, ಆದ್ರೆ ವಿಷ್ಯ ಸಿಂಪಲ್. ಎಡ ಅಂಚಿನಿಂದ ಶುರು ಆಗಿ, ಬೆಲೆ ಇಳಿದ ಮೊದಲ್ನೇ ವಾರದಿಂದ ಎಣಿಸ್ತಾ ಬ್ರೇಕ್‌ಔಟ್ ವಾರದ ತನಕ, ಅಂದ್ರೆ ಬೆಲೆ ಹಿಡಿಕೆ ದಾಟಿ ಮೇಲೆ ಹೋದ ವಾರದ ತನಕ. ಕನಿಷ್ಠ 7 ವಾರ, ಗರಿಷ್ಠ 65 ವಾರ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಆಪಲ್‌ದು ಅಕ್ಟೋಬರ್ ಮಧ್ಯದಿಂದ ಜನವರಿ ಮಧ್ಯಕ್ಕೆ ಕಪ್ 13 ವಾರ, ಅಲ್ಲಿಂದ ಮಾರ್ಚ್ ಮೊದಲ ವಾರಕ್ಕೆ ಹಿಡಿಕೆ 7 ವಾರ, ಒಟ್ಟು 20 ವಾರ. ನಡು ಮಧ್ಯ.

ಡೈಲಿ ಚಾರ್ಟ್‌ನಲ್ಲಿ 15 ದಿನದ ಕಪ್, 15 ನಿಮಿಷದ ಚಾರ್ಟ್‌ನಲ್ಲಿ ಮಧ್ಯಾಹ್ನದ ಕಪ್ ತೋರ್ಸೋರಿದ್ದಾರೆ. ಇರ್ಲಿ, ಅದು ಬೇರೆ ಆಟ. ಇಲ್ಲಿ 7 ವಾರ ಅಂತ ಇಟ್ಟಿರೋದು ಫಂಡ್‌ಗಳಂಥ ದೊಡ್ಡ ಕೈಗಳು ಲಕ್ಷಾಂತರ ಷೇರು ಸದ್ದಿಲ್ಲದೆ ಸೇರಿಸಿಕೊಳ್ಳೋಕೆ ಅಷ್ಟು ಟೈಮ್ ಬೇಕೇ ಬೇಕು ಅಂತ. ಮೂರು ದಿನದಲ್ಲಿ ಅವರು ತಗೊಳೋಕೆ ಹೋದ್ರೆ ಬೆಲೆ ಅವರ ಕೈಲೇ ಏರಿಬಿಡತ್ತೆ.

ಹಿಡಿಕೆ: ಒಳ್ಳೇ ರಿಸಲ್ಟ್ ಬಂದ್ರೂ ಬಿದ್ದ ದಿನ

ಜನವರಿ 6ಕ್ಕೆ ಐಪಾಡ್ ಮಿನಿ ತೋರಿಸಿದ್ರು, ಬೆಲೆ 249 ಡಾಲರ್. ಇನ್ನೊಂದು 50 ಹಾಕಿದ್ರೆ 15 ಜಿಬಿಯ ದೊಡ್ಡ ಐಪಾಡೇ ಬರತ್ತೆ, 4 ಜಿಬಿಗೆ ಇಷ್ಟು ಯಾರು ಕೊಡ್ತಾರೆ ಅಂತ ಅವತ್ತು ಪತ್ರಿಕೆಯೋರು ಮೂಗು ಮುರಿದಿದ್ರು. ಜನವರಿ 14ಕ್ಕೆ ತ್ರೈಮಾಸಿಕ ಫಲಿತಾಂಶ. ಆದಾಯ 2 ಬಿಲಿಯನ್ ಡಾಲರ್ ದಾಟಿತ್ತು, ಲಾಭ 6.3 ಕೋಟಿ ಡಾಲರ್, ಹಿಂದಿನ ವರ್ಷದ ಅದೇ ಕ್ವಾರ್ಟರ್‌ನಲ್ಲಿ 80 ಲಕ್ಷ ಡಾಲರ್ ನಷ್ಟ ಇತ್ತು. ಮಾರಿದ ಐಪಾಡ್ 7,33,000, ವರ್ಷದ ಹಿಂದೆ ಮಾರಿದ್ದರ ಮೂರು ಪಟ್ಟಿಗೂ ಜಾಸ್ತಿ. ಅವತ್ತು ಷೇರು 24.20ಕ್ಕೆ ಮುಚ್ಚಿತ್ತು, ಹೆಚ್ಚು ಕಮ್ಮಿ ಹಳೇ ಅಂಚಿನ ಹತ್ರಾನೇ.

ಮಾರನೇ ದಿನ ಏನಾಯ್ತು? ಬಿತ್ತು. 22.85ರ ಆಸುಪಾಸು ಮುಚ್ಚಿತು, ಒಂದೇ ದಿನ 5 ಪರ್ಸೆಂಟ್‌ಗೂ ಜಾಸ್ತಿ ಇಳಿಕೆ.

ಇದನ್ನ ನೋಡಿ "ರಿಸಲ್ಟ್ ಚೆನ್ನಾಗಿದೆ ಆದ್ರೂ ಬಿತ್ತು, ಅಂದ್ರೆ ಒಳಗೇನೋ ಇದೆ" ಅಂತ ಬಿಟ್ಟು ಹೋದವರು ತುಂಬಾ ಜನ ಇರ್ತಾರೆ. ಕಪ್ಪಿನ ಭಾಷೇಲಿ ಓದಿದ್ರೆ ಬೇರೆ ಅರ್ಥ. ಅಕ್ಟೋಬರ್‌ನಲ್ಲಿ 24-25ಕ್ಕೆ ತಗೊಂಡು ಮೂರು ತಿಂಗಳು ನಷ್ಟ ನೋಡಿ ನೋಡಿ ಸುಸ್ತಾದವರು, "ದೇವ್ರೇ ಒಂದ್ಸಲ ನನ್ನ ದುಡ್ಡು ವಾಪಸ್ ಬಂದ್ರೆ ಸಾಕು" ಅಂತ ಹರಕೆ ಹೊತ್ತವರು, ಅವರಿಗೆ ಜನವರಿ ಮಧ್ಯದಲ್ಲಿ ದುಡ್ಡು ವಾಪಸ್ ಬಂತು. ಅವರು ಮಾರಿದ್ರು. ಡಿಸೆಂಬರ್‌ನಲ್ಲಿ 20ಕ್ಕೆ ತಗೊಂಡವರೂ ಒಂದಿಷ್ಟು ಜನ ಲಾಭ ಬುಕ್ ಮಾಡಿದ್ರು. ಹಿಡಿಕೆ ಅನ್ನೋದು ಇವರೆಲ್ಲಾ ಬಸ್ಸಿಂದ ಇಳಿಯೋ ಸ್ಟಾಪ್.

ಹಿಡಿಕೆಗೆ ಅಳತೆ ಮೂರು. ಒಂದು, ಕನಿಷ್ಠ ಒಂದೆರಡು ವಾರ ಆಗಿರ್ಬೇಕು. ಇಲ್ಲಿ ಏಳು ವಾರ, ಸ್ವಲ್ಪ ಉದ್ದಾನೇ. ಎರಡು, ಬುಲ್ ಮಾರ್ಕೆಟ್‌ನಲ್ಲಿ ಹಿಡಿಕೆಯ ಇಳಿಕೆ 8ರಿಂದ 12 ಪರ್ಸೆಂಟ್ ಒಳಗೆ ಇರ್ಬೇಕು. ಫೆಬ್ರವರಿ ಮೊದಲ ವಾರ ಷೇರು 21.80 ಹತ್ರ ಬಂತು, ಅಂದ್ರೆ 24.20ರಿಂದ 10 ಪರ್ಸೆಂಟ್. ಪಾಸ್.

ಮೂರನೇದು ಹಿಡಿಕೆ ಕಪ್ಪಿನ ಮೇಲಿನ ಅರ್ಧದಲ್ಲಿರ್ಬೇಕು ಅನ್ನೋದು. ಇದನ್ನ ಜನ ತಪ್ಪಾಗಿ ಅಳೀತಾರೆ. ಕಪ್ಪಿನ ನಡು ಎಲ್ಲಿ? 24.80 ಮತ್ತು 19.70 ಕೂಡಿಸಿ ಅರ್ಧ ಮಾಡಿದ್ರೆ 22.25. ಹಿಡಿಕೆ ತಳ 21.80, ಅದು ನಡುವಿಗಿಂತ ಕೆಳಗಾಯ್ತಲ್ಲ, ಫೇಲ್ ಅಂತ ಹೇಳ್ಬಿಡಬಹುದು. ಆದ್ರೆ ನಿಯಮ ಹೋಲಿಸೋದು ಹಿಡಿಕೆಯ ನಡುವನ್ನ ಕಪ್ಪಿನ ನಡುವಿನ ಜೊತೆ. ಹಿಡಿಕೆ 24.20ರಿಂದ 21.80, ಅದರ ನಡು 23.00. 22.25ಕ್ಕಿಂತ ಮೇಲಿದೆ, ಪಾಸ್, ಆದ್ರೆ ಡಿಸ್ಟಿಂಕ್ಷನ್ ಅಲ್ಲ. ನನ್ನ ಕೇಳಿದ್ರೆ ಕಪ್ಪು ಹಿಡಿಕೆ ಎರಡೂ ಸೇರಿದ ಈ ಬೇಸ್‌ನಲ್ಲಿ ತುಸು ದುರ್ಬಲ ಅಂತ ಇದ್ದ ಜಾಗ ಇದೊಂದೇ, ಬೆಲೆ ತನ್ನ 10 ವಾರದ ಸರಾಸರಿ ಗೆರೆ ಹತ್ರ ಹತ್ರ ಬಂದು ನಿಂತಿದ್ದೂ ಅವಾಗ್ಲೇ.

ಫೆಬ್ರವರಿಯ ಉಳಿದ ದಿನ ಬೆಲೆ ಸುಮ್ನೆ ಮೆಲ್ಲಗೆ ಮೇಲೆ ಬಂತು. ಫೆಬ್ರವರಿ 20ಕ್ಕೆ ಐಪಾಡ್ ಮಿನಿ ಅಂಗಡಿಗೆ ಬಂತು, ತಿಂಗಳ ಕೊನೇ ಶುಕ್ರವಾರ 23.92.

ವಾಲ್ಯೂಮ್ ಒಣಗೋದು ಅಂದ್ರೆ ಏನು

ಇಲ್ಲಿ ಸ್ವಲ್ಪ ನಿಂತ್ಕೋತೀನಿ, ಯಾಕಂದ್ರೆ ಹಿಡಿಕೆಯಲ್ಲಿ ಬೆಲೆಗಿಂತ ಚಾರ್ಟ್ ಕೆಳಗಿನ ವಾಲ್ಯೂಮ್ ಕಂಬಗಳೇ, ಅಂದ್ರೆ ಎಷ್ಟು ಷೇರು ಕೈ ಬದಲಾಯ್ತು ಅನ್ನೋದೇ, ಜಾಸ್ತಿ ಮಾತಾಡೋದು.

ಬೆಲೆ ಇಳಿಯೋಕೆ ಎರಡು ಕಾರಣ ಇರಬಹುದು. ಮಾರೋರು ಜಾಸ್ತಿ ಆಗಿದ್ದು ಒಂದು, ತಗೊಳೋರು ಸುಮ್ನೆ ಕೂತಿದ್ದು ಇನ್ನೊಂದು. ಎರಡರಲ್ಲೂ ಚಾರ್ಟ್ ಮೇಲೆ ಕೆಂಪು ಕ್ಯಾಂಡಲ್ಲೇ ಕಾಣತ್ತೆ. ವ್ಯತ್ಯಾಸ ಗೊತ್ತಾಗೋದು ವಾಲ್ಯೂಮ್‌ನಲ್ಲಿ ಮಾತ್ರ. ದೊಡ್ಡ ವಾಲ್ಯೂಮ್ ಮೇಲೆ ಇಳೀತಿದ್ರೆ ಯಾರೋ ದೊಡ್ಡವರು ಗಂಟು ಮೂಟೆ ಕಟ್ತಿದ್ದಾರೆ ಅಂತ. ವಾಲ್ಯೂಮ್ ಇಲ್ದೆ ಇಳೀತಿದ್ರೆ ಸಂತೆ ಮುಗಿದ ಮೇಲೆ ಉಳಿದ ನಾಲ್ಕು ಜನ ಚೌಕಾಸಿ ಮಾಡೋ ಹಾಗೆ, ಮಾರೋಕೆ ಸರಕೇ ಉಳಿದಿಲ್ಲ ಅಂತ.

ಅಳೆಯೋದು ಹೀಗೆ. ಡೈಲಿ ಚಾರ್ಟ್‌ನಲ್ಲಿ ವಾಲ್ಯೂಮ್ ಮೇಲೆ 50 ದಿನದ ಸರಾಸರಿ ಗೆರೆ ಹಾಕಿ, ವೀಕ್ಲಿ ನೋಡೋರು 10 ವಾರದ್ದು ಹಾಕಿ. ಹಿಡಿಕೆಯ ಶುರುವಿನಲ್ಲಿ ಕಂಬ ದೊಡ್ಡದಿದ್ರೆ ತಲೆ ಕೆಡಿಸ್ಕೋಬೇಡಿ, ಅವತ್ತು ಮಾರೋರು ಮಾರ್ತಿದ್ದಾರೆ, ಆಪಲ್‌ನಲ್ಲೂ ರಿಸಲ್ಟ್ ಮಾರನೇ ದಿನ ಹಾಗೇ ಆಗಿದ್ದು. ನೋಡ್ಬೇಕಾದ್ದು ಹಿಡಿಕೆಯ ಕೊನೆಯ ಭಾಗ. ಒಂದು ಉದಾಹರಣೆಗೆ ಸರಾಸರಿ ದಿನಕ್ಕೆ 10 ಲಕ್ಷ ಷೇರು ಅಂತ ಇಟ್ಕೊಳ್ಳಿ, ಹಿಡಿಕೆಯ ಕೊನೇ ಒಂದೆರಡು ವಾರದಲ್ಲಿ ಕೆಲವು ದಿನವಾದ್ರೂ 5-6 ಲಕ್ಷಕ್ಕೆ ಇಳಿದಿರ್ಬೇಕು, ಆ ದಿನಗಳಲ್ಲಿ ಬೆಲೆಯೂ ಜಾಸ್ತಿ ಆಡಿರಬಾರ್ದು. ಎಲ್ಲಾ ದಿನವೂ ಕಮ್ಮಿ ಇರ್ಬೇಕು ಅಂತಿಲ್ಲ. ಆದ್ರೆ ಇಳಿಯೋ ದಿನಗಳ ಕಂಬ ಏರೋ ದಿನಗಳ ಕಂಬಕ್ಕಿಂತ ಗಿಡ್ಡ ಇರ್ಲೇಬೇಕು.

ಇದೇ ಒಣಗೋದು ಕಪ್ಪಿನ ತಳದಲ್ಲೂ ಕಂಡ್ರೆ ಇನ್ನೂ ಒಳ್ಳೇದು, ಅಲ್ಲಿ ಮಾರೋರು ಮೊದಲ ಸಲ ಮುಗಿದಿದ್ದಕ್ಕೆ ಸಾಕ್ಷಿ.

ನಮ್ಮ ಮಾರ್ಕೆಟ್‌ನಲ್ಲಿ ಇದನ್ನ ನೋಡುವಾಗ ಮೋಸ ಹೋಗೋ ಜಾಗಗಳಿವೆ. ದೀಪಾವಳಿ ವಾರ, ಎರಡು ರಜೆ ಬಂದ ವಾರ, ವಾರದ ವಾಲ್ಯೂಮ್ ತಾನಾಗೇ ಕಮ್ಮಿ ಕಾಣತ್ತೆ, ಮುಹೂರ್ತದ ಟ್ರೇಡಿಂಗ್ ಒಂದು ಗಂಟೆಯದ್ದು ಅದನ್ನೂ ಒಂದು ದಿನ ಅಂತ ಚಾರ್ಟ್ ಎಣಿಸತ್ತೆ. ಅದು ಒಣಗಿದ್ದಲ್ಲ, ಅಂಗಡಿ ಬಾಗಿಲು ಹಾಕಿದ್ದು. ಹಾಗೇ ಸಣ್ಣ ಷೇರು 5 ಪರ್ಸೆಂಟ್ ಲೋಯರ್ ಸರ್ಕ್ಯೂಟ್‌ಗೆ ಬಿದ್ದ ದಿನ ವಾಲ್ಯೂಮ್ ಚಿಕ್ಕದಿರತ್ತೆ, ಯಾಕಂದ್ರೆ ತಗೊಳೋರೇ ಇಲ್ದೆ ಮಾರೋರು ಸಾಲಿನಲ್ಲಿ ನಿಂತಿರ್ತಾರೆ. ಅದನ್ನ ನೋಡಿ "ಆಹಾ ವಾಲ್ಯೂಮ್ ಡ್ರೈ" ಅಂತ ಖುಷಿ ಪಟ್ಟವರನ್ನ ನಾನೇ ನೋಡಿದ್ದೀನಿ. ಮತ್ತೆ ಬೋನಸ್ ಅಥವಾ ಸ್ಪ್ಲಿಟ್ ಆದ್ಮೇಲೆ ಬೆಲೆ ಮಾತ್ರ ಹೊಂದಿಸಿ ವಾಲ್ಯೂಮ್ ಹಾಗೇ ಬಿಟ್ಟ ಚಾರ್ಟ್‌ನಲ್ಲಿ ಹಳೇ ಕಂಬ ಎಲ್ಲಾ ಗಿಡ್ಡ, ಹೊಸ ಕಂಬ ಎಲ್ಲಾ ಉದ್ದ, ಅಲ್ಲಿ ಸರಾಸರಿ ಗೆರೆಗೇ ಅರ್ಥ ಇಲ್ಲ.

ಬ್ರೇಕ್‌ಔಟ್ ವಾರ

ಮಾರ್ಚ್ 3ಕ್ಕೆ 24ರ ಹತ್ರ ಇದ್ದ ಷೇರು 4ನೇ ತಾರೀಕು ಗುರುವಾರ 25 ದಾಟಿ ಮುಚ್ಚಿತು. 5ನೇ ತಾರೀಕು ಶುಕ್ರವಾರ 26.74. ವಾಲ್ಯೂಮ್ ಫೆಬ್ರವರಿಯ ಬಡಕಲು ಕಂಬಗಳ ಪಕ್ಕದಲ್ಲಿ ತೆಂಗಿನಮರ.

ಬೈ ಪಾಯಿಂಟ್, ಅಂದ್ರೆ ತಗೊಳೋ ಬೆಲೆ, ಹಿಡಿಕೆಯಲ್ಲಿ ದಿನದೊಳಗೆ ಮುಟ್ಟಿದ ಅತಿ ಹೆಚ್ಚು ಬೆಲೆ, ಅದರ ಮೇಲೆ 10 ಸೆಂಟ್. ಇಲ್ಲಿ 25ರ ಆಸುಪಾಸು ಅಂತ ಇಟ್ಕೊಳ್ಳೋಣ. ಗಮನಿಸಿ, ಗೆರೆ ಎಳೆಯೋದು ಹಿಡಿಕೆಯ ತುದಿಗೆ, ಕಪ್ಪಿನ ಎಡ ಅಂಚಿಗಲ್ಲ. ಆಪಲ್‌ನಲ್ಲಿ ಎರಡೂ ಹತ್ರ ಹತ್ರ ಇದ್ದಿದ್ದಕ್ಕೆ ವ್ಯತ್ಯಾಸ ಕಾಣಲ್ಲ, ಎಷ್ಟೋ ಕಡೆ ಹಿಡಿಕೆ ಎಡ ಅಂಚಿಗಿಂತ 5-10 ಪರ್ಸೆಂಟ್ ಕೆಳಗೇ ಶುರುವಾಗತ್ತೆ, ಅಲ್ಲಿ ಆಲ್‌ಟೈಮ್ ಹೈ ಬರ್ಲಿ ಅಂತ ಕಾದ್ರೆ ಲೇಟ್. ಆ ದಿನ ವಾಲ್ಯೂಮ್ 50 ದಿನದ ಸರಾಸರಿಗಿಂತ ಕನಿಷ್ಠ 40-50 ಪರ್ಸೆಂಟ್ ಜಾಸ್ತಿ ಇರ್ಬೇಕು. ತಗೊಳೋ ಬ್ಯಾಂಡ್ ಬೈ ಪಾಯಿಂಟ್‌ನಿಂದ 5 ಪರ್ಸೆಂಟ್ ತನಕ, ಅಂದ್ರೆ 25ರಿಂದ 26.25.

ಈಗ ಶುಕ್ರವಾರದ ಕ್ಲೋಸಿಂಗ್ ಮತ್ತೆ ನೋಡಿ. 26.74. ಬ್ಯಾಂಡ್ ದಾಟಿ ಹೋಗಿದೆ! ಎರಡೇ ದಿನದಲ್ಲಿ. ವೀಕ್ಲಿ ಕ್ಯಾಂಡಲ್ ಮುಚ್ಚಲಿ, ಕನ್ಫರ್ಮ್ ಆಗ್ಲಿ ಅಂತ ಕಾದ ಶಿಸ್ತಿನ ಮನುಷ್ಯನಿಗೆ ಸೋಮವಾರ ಬೆಳಿಗ್ಗೆ ನಿಯಮದ ಪ್ರಕಾರ ಬಾಗಿಲು ಮುಚ್ಚಿತ್ತು. ವೀಕ್ಲಿಯಲ್ಲಿ ಬೇಸ್ ಹುಡುಕಿ, ಆದ್ರೆ ಆರ್ಡರ್ ಡೈಲಿಯಲ್ಲಿ ಇಡಿ ಅಂತ ಹೇಳೋದು ಇದಕ್ಕೇ. ಅದೃಷ್ಟಕ್ಕೆ ಮಾರ್ಚ್ 22-24ರ ಸುಮಾರಿಗೆ ಷೇರು ವಾಪಸ್ 25-26ರ ನಡುವೆ ಬಂತು, ಎರಡನೇ ಸಲ ಬಾಗಿಲು ತೆರೀತು. ಪ್ರತಿ ಸಲ ತೆರೆಯಲ್ಲ.

ಇಂಡೆಕ್ಸ್ ಬೀಳ್ತಿತ್ತು ಅನ್ನೋ ತಲೆನೋವು

ಈ ಕೇಸ್ ನನಗೆ ಇಷ್ಟ ಆಗೋಕೆ ಕಾರಣ ಇದು. ನ್ಯಾಸ್ಡ್ಯಾಕ್ ಇಂಡೆಕ್ಸ್ 2004ರ ಜನವರಿ ಕೊನೆಯಲ್ಲಿ 2150 ಮುಟ್ಟಿ, ಅಲ್ಲಿಂದ ಇಳೀತಾ ಮಾರ್ಚ್ ಮೂರನೇ ನಾಲ್ಕನೇ ವಾರಕ್ಕೆ 1900 ಹತ್ರ ಬಂದಿತ್ತು. ಅಂದ್ರೆ ಇಂಡೆಕ್ಸ್ 11-12 ಪರ್ಸೆಂಟ್ ಕೆಳಗೆ ಹೋದ ಅದೇ ಎಂಟು ವಾರದಲ್ಲಿ ಆಪಲ್ 22-23ರಿಂದ 25-26ಕ್ಕೆ ಬಂತು. ಷೇರಿನ ಬೆಲೆಯನ್ನ ಇಂಡೆಕ್ಸ್‌ನಿಂದ ಭಾಗಿಸಿ ಗೆರೆ ಎಳೆದ್ರೆ ರಿಲೇಟಿವ್ ಸ್ಟ್ರೆಂತ್ ಲೈನ್ ಸಿಗತ್ತಲ್ಲ, ಅದು ಬ್ರೇಕ್‌ಔಟ್ ಹೊತ್ತಿಗೆ ನೆಟ್ಟಗೆ ಮೇಲಕ್ಕೆ ಹೋಗ್ತಿತ್ತು. ಸುತ್ತ ಎಲ್ಲಾ ಷೇರು ನೆಲ ಕಚ್ಚುವಾಗ ಒಂದು ಷೇರು ತನ್ನ ಹಿಡಿಕೆಯಲ್ಲಿ ವಾಲ್ಯೂಮ್ ಇಲ್ದೆ ಸುಮ್ನೆ ಕೂತಿದೆ ಅಂದ್ರೆ ಅದನ್ನ ಯಾರೋ ಕೆಳಗೆ ಬೀಳೋಕೆ ಬಿಡ್ತಿಲ್ಲ ಅಂತಾನೇ ಅರ್ಥ.

ಆದ್ರೆ ಇಲ್ಲೇ ತೊಡಕು. ಅದೇ ಓನೀಲ್ ಪದ್ಧತಿಯಲ್ಲೇ ಇಂಡೆಕ್ಸ್ ಇಳಿಯುವಾಗ ಹೊಸದಾಗಿ ತಗೋಬೇಡಿ, ನಾಲ್ಕರಲ್ಲಿ ಮೂರು ಷೇರು ಮಾರ್ಕೆಟ್ ಹೋದ ಕಡೆಗೇ ಹೋಗತ್ತೆ ಅಂತ ಬೇರೆ ನಿಯಮ ಇದೆ. ಎರಡೂ ನಿಯಮ ಒಂದೇ ವಾರ ಎದುರುಬದುರು ನಿಂತ್ರೆ? ಪೂರ್ತಿ ಪುಸ್ತಕದ ಪ್ರಕಾರ ಹೋಗೋನು ಆಪಲ್‌ನ ಮಾರ್ಚ್‌ನಲ್ಲಿ ಬಿಟ್ಟೇ ಬಿಡ್ತಿದ್ದ. ನಾನಾಗಿದ್ರೆ ಸಾಮಾನ್ಯವಾಗಿ ಹಾಕೋ ದುಡ್ಡಿನ ಅರ್ಧ ಹಾಕ್ತಿದ್ದೆ ಅಂತ ಈಗ ಇಪ್ಪತ್ತು ವರ್ಷ ಆದ್ಮೇಲೆ ಹೇಳೋದು ಸುಲಭ, ಅವತ್ತು ಆ ಕೆಂಪು ಸ್ಕ್ರೀನ್ ಮುಂದೆ ಕೂತಿದ್ರೆ ಏನು ಮಾಡ್ತಿದ್ನೋ.

ತಗೊಂಡ ಮೇಲೆ

ಸ್ಟಾಪ್ ಅಂದ್ರೆ ನಷ್ಟ ಒಪ್ಕೊಂಡು ಮಾರಿಬಿಡೋ ಬೆಲೆ, 25ಕ್ಕೆ ತಗೊಂಡವನದ್ದು 7-8 ಪರ್ಸೆಂಟ್ ಕೆಳಗೆ, ಅಂದ್ರೆ 23. 26.74ಕ್ಕೆ ಓಡಿ ಹೋಗಿ ತಗೊಂಡವನ ಸ್ಟಾಪ್ 24.60. ಮಾರ್ಚ್‌ನ ಆ ಇಳಿತದಲ್ಲಿ ಷೇರು 25.30 ಸುಮಾರಿಗೆ ಮುಚ್ಚಿದ್ದಿದೆ. ಮೊದಲನೆಯವನು ನಿದ್ದೆ ಮಾಡಿದ, ಎರಡನೆಯವನು ಮೊಬೈಲ್ ಹಿಡ್ಕೊಂಡು ಬೆಳಗು ಮಾಡಿದ. ಇಬ್ರೂ ಉಳಿದ್ರು, ಆದ್ರೆ ಎರಡನೆಯವನಿಗೆ ಉಳಿದಿದ್ದು 70 ಸೆಂಟ್ ಅಂತರ ಮಾತ್ರ. 5 ಪರ್ಸೆಂಟ್ ಬ್ಯಾಂಡ್ ಯಾಕಿದೆ ಅಂತ ಯಾರಾದ್ರೂ ಕೇಳಿದ್ರೆ ಈ ಎರಡು ಸಾಲು ತೋರ್ಸಿ.

ಏಪ್ರಿಲ್ 14ಕ್ಕೆ ಮುಂದಿನ ರಿಸಲ್ಟ್, ಲಾಭ ಹಿಂದಿನ ವರ್ಷದ ಅದೇ ಕ್ವಾರ್ಟರ್‌ನ 1.4 ಕೋಟಿ ಡಾಲರಿಂದ 4.6 ಕೋಟಿಗೆ, ಐಪಾಡ್ 8,07,000. ಮಾರನೇ ದಿನ ಷೇರು ಹತ್ತು ಪರ್ಸೆಂಟ್ ಜಿಗಿದು 29.30. ಎಲ್ರಿಗೂ ಹಬ್ಬ. ಎರಡು ವಾರ ಕಳೆದು ಏಪ್ರಿಲ್ 30ಕ್ಕೆ 25.78. ಹಬ್ಬ ಪೂರ್ತಿ ವಾಪಸ್. ಬೈ ಪಾಯಿಂಟ್ ಮುಟ್ಟೋ ಹಾಗೆ ಬಂದು ಅಲ್ಲೇ ನಿಂತು, ಮತ್ತೆ ಎದ್ದು ಜೂನ್ ಕೊನೆಗೆ 32.54.

ಚಾರ್ಟ್ ದೂರದಿಂದ ನೋಡಿದಾಗ ಈ ಏಪ್ರಿಲ್ ಒಂದು ಗುಳ್ಳೆ ಅಷ್ಟೇ. ಒಳಗಿದ್ದವನಿಗೆ 17 ಪರ್ಸೆಂಟ್ ಲಾಭ 3 ಪರ್ಸೆಂಟ್‌ಗೆ ಕರಗಿದ್ದು. ಇಲ್ಲಿ ಬ್ರೇಕ್‌ಔಟ್ ಆದ ಮೂರು ವಾರದೊಳಗೆ 20 ಪರ್ಸೆಂಟ್ ಏರಿದ್ರೆ ಎಂಟು ವಾರ ಮಾರದೇ ಹಿಡೀರಿ ಅನ್ನೋ ನಿಯಮ ಸಹಾಯಕ್ಕೆ ಬರಲ್ಲ, ಯಾಕಂದ್ರೆ ಮೂರು ವಾರಕ್ಕೆ ಆಪಲ್ 30 ಮುಟ್ಟಿರ್ಲೇ ಇಲ್ಲ. ಉಳಿದಿದ್ದು 20-25 ಪರ್ಸೆಂಟ್ ಲಾಭಕ್ಕೆ ಮಾರೋ ಮಾಮೂಲಿ ನಿಯಮ, ಅದರ ಪ್ರಕಾರ ಜೂನ್‌ನಲ್ಲಿ 30-31ಕ್ಕೆ ಹೊರಗೆ.

ಇದೇ ಆಕಾರ, ಬೇರೆ ಕಥೆ

ಗೆದ್ದ ಕೇಸ್ ಒಂದನ್ನೇ ತೋರ್ಸಿದ್ರೆ ಅದು ಲಾಟರಿ ಹೊಡೆದವನ ಫೋಟೋ ತೋರ್ಸಿದ ಹಾಗೆ, ಅದಕ್ಕೆ ನಂದೇ ಒಂದು ಸೋಲು ಹೇಳ್ತೀನಿ. ಕೆಲವು ವರ್ಷದ ಹಿಂದೆ ನಮ್ಮ ಎನ್‌ಎಸ್‌ಇಯ ಒಂದು ಮಿಡ್‌ಕ್ಯಾಪ್, ಹೆಸರು ಬೇಡ. ಕಪ್ಪಿನ ಆಳ ಸರಿ, ವಾರಗಳು ಸರಿ, ಮುಂಚಿನ ಏರಿಕೆ ಸರಿ. ಹಿಡಿಕೆ ಮಾತ್ರ ಕೆಳಕ್ಕೆ ವಾಲದೆ ದಿನಾ ಸ್ವಲ್ಪ ಸ್ವಲ್ಪ ಮೇಲಕ್ಕೆ ಹತ್ತುತಿತ್ತು, ತಳಗಳು ಒಂದಕ್ಕಿಂತ ಒಂದು ಮೇಲೆ. ನಾನು "ಎಷ್ಟು ಸ್ಟ್ರಾಂಗ್ ನೋಡು, ಇಳಿಯೋಕೇ ಒಪ್ತಿಲ್ಲ" ಅಂತ ಖುಷಿ ಪಟ್ಟೆ. ಬ್ರೇಕ್‌ಔಟ್ ದಿನ ವಾಲ್ಯೂಮ್ ಸರಾಸರಿಯಷ್ಟೇ ಇತ್ತು, ಅದನ್ನೂ ನುಂಗಿಕೊಂಡೆ. ಎರಡನೇ ವಾರಕ್ಕೆ ಸ್ಟಾಪ್ ಹೊಡೀತು.

ಮೇಲಕ್ಕೆ ಹತ್ತೋ ಹಿಡಿಕೆ ಯಾಕೆ ಕೆಟ್ಟದ್ದು ಅಂತ ಆಮೇಲೆ ಅರ್ಥ ಆಯ್ತು. ಅದು ಯಾರನ್ನೂ ಹೆದ್ರಿಸಿಲ್ಲ. ಅಸಲು ಸಿಕ್ಕಿದ್ರೆ ಸಾಕು ಅಂದ್ಕೊಂಡವರು "ಇನ್ನೂ ಸ್ವಲ್ಪ ಏರ್ತಿದೆಯಲ್ಲ, ನಾಳೆ ಮಾರೋಣ" ಅಂತ ಕೂತೇ ಇರ್ತಾರೆ, ಬ್ರೇಕ್‌ಔಟ್ ಆದ ದಿನ ಎಲ್ರೂ ಒಟ್ಟಿಗೆ ಮಾರ್ತಾರೆ, ತಗೊಳೋದು ನನ್ನಂಥವರು. ಆಪಲ್ ಹಿಡಿಕೆ 10 ಪರ್ಸೆಂಟ್ ಬಿದ್ದು ಜನರನ್ನ ಓಡಿಸಿತ್ತು, ನನ್ನ ಷೇರಿನ ಹಿಡಿಕೆ ಯಾರನ್ನೂ ಓಡಿಸಿರ್ಲಿಲ್ಲ. ಇನ್ನೊಂದು ವಿಷ್ಯ, ಆ ಷೇರು ತಳದಿಂದ ಏರೋಕೆ ಶುರು ಮಾಡಿದ ಮೇಲೆ ಅದು ಮೂರನೆಯದೋ ನಾಲ್ಕನೆಯದೋ ಬೇಸ್. ಮೊದಲೆರಡು ಬೇಸ್‌ನಲ್ಲಿ ಯಾರಿಗೂ ಗೊತ್ತಿರಲ್ಲ, ನಾಲ್ಕನೆಯದರ ಹೊತ್ತಿಗೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲೂ ಆ ಹೆಸರು ಬಂದಿರತ್ತೆ, ಹೊಸದಾಗಿ ತಗೊಳೋಕೆ ಯಾರು ಉಳಿದಿರ್ತಾರೆ? ಆಪಲ್ 2004ರ ಮಾರ್ಚ್‌ನಲ್ಲಿ ಇನ್ನೂ ಮೊದಮೊದಲ ಬೇಸ್‌ನಲ್ಲಿತ್ತು, ಐಪಾಡ್ ಇದ್ದವರೇ ಅಪರೂಪ.

ಮತ್ತೆ ಜೂನ್‌ನಲ್ಲಿ 30-31ಕ್ಕೆ ಹೊರಗೆ ಬಂದವನ ವಿಷ್ಯ ಬಾಕಿ ಇತ್ತು. ಆಪಲ್ ಜೂನ್ ನಾಲ್ಕನೇ ವಾರದಲ್ಲಿ 33-34ರಲ್ಲಿ ನಿಂತು, ಆಗಸ್ಟ್ ಮೊದಲ ವಾರ 30ರ ಹತ್ರ ಬಂತು. ಸ್ಟೀವ್ ಜಾಬ್ಸ್‌ಗೆ ಪ್ಯಾಂಕ್ರಿಯಾಸ್ ಸರ್ಜರಿ ಆಯ್ತು ಅಂತ ಸುದ್ದಿ ಬಂದಿದ್ದೂ ಅದೇ ಆಗಸ್ಟ್ 1ಕ್ಕೆ. ಅಂಥಾ ಸುದ್ದಿ ಬಂದ್ರೂ ಇಳಿಕೆ 12 ಪರ್ಸೆಂಟ್ ಒಳಗೇ ನಿಂತಿತು. ಇದು ಕಪ್ ಅಲ್ಲ, 15 ಪರ್ಸೆಂಟ್ ಒಳಗಿನ ಆಳದ, ಐದು ವಾರಕ್ಕಿಂತ ಜಾಸ್ತಿ ಎಳೆದ ಫ್ಲಾಟ್ ಬೇಸ್, ಅದಕ್ಕೆ ಹಿಡಿಕೆ ಬೇಕಿಲ್ಲ. ಆಗಸ್ಟ್ ಕೊನೆಗೆ 34.49ಕ್ಕೆ ಮುಚ್ಚಿ ಹೊರಗೆ ಬಂತು. 31ಕ್ಕೆ ಮಾರಿದ್ದನ್ನ 34ಕ್ಕೆ ವಾಪಸ್ ತಗೊಳೋಕೆ ಕೈ ನಡುಗದವನಿಗೆ ಡಿಸೆಂಬರ್ 31ರ ಕ್ಲೋಸಿಂಗ್ 64.40.